ಮೂರು ಅಂಕದ ಕಾಸರಗೋಡು

ಪ್ರಶ್ನೆಪತ್ರಿಕೆ ತಯಾರಾಗುವ ಕೋಣೆಯಲ್ಲಿ ಯಾರೂ ಯಾರನ್ನೂ ಕೊಲ್ಲುವುದಿಲ್ಲ. ಅಲ್ಲಿ ಗಲಭೆ ‘ಸಂಭವಿಸುತ್ತದೆ’, ಜಾತಿ ‘ಕಂಡುಬರುತ್ತದೆ’, ತಾಲೂಕುಗಳು ನಡುರಾತ್ರಿ ಎದ್ದು ತಾವಾಗಿಯೇ ಪಕ್ಕದ ರಾಜ್ಯಕ್ಕೆ ‘ಸೇರ್ಪಡೆಗೊಳ್ಳುತ್ತವೆ’. ಕರ್ತೃವಿಲ್ಲದ ವಾಕ್ಯ ಬರೆಯಬಲ್ಲವರೇ ನಿಷ್ಪಕ್ಷಪಾತಿಗಳು.

ಕರ್ತೃವನ್ನು ಹೆಸರಿಸುವ ಈ ಭಯವನ್ನು ಪೂರ್ತಿ ಗೇಲಿ ಮಾಡುವ ಹಾಗಿಲ್ಲ. 2010ರಲ್ಲಿ ನಮ್ಮ ಕೇರಳದ ಮೂವಾಟ್ಟುಪುಳದಲ್ಲಿ ಒಂದು ಪ್ರಶ್ನೆಯ ನೆಪದಲ್ಲಿ ಅಧ್ಯಾಪಕರೊಬ್ಬರ ಕೈ ಕಡಿದರು. ಅದು ಇತಿಹಾಸದ ಪ್ರಶ್ನೆಯೂ ಅಲ್ಲ. ಲೇಖನ ಚಿಹ್ನೆ ಹಾಕಿರೆಂಬ ಪ್ರಶ್ನೆ. ಅಂದಿನಿಂದ ಅಲ್ಪವಿರಾಮ ಹಾಕುವಾಗಲೂ ಮಾಷ್ಟ್ರುಗಳು ಹಿಂದೆ ಮುಂದೆ ನೋಡಿದರೆ ಅವರನ್ನು ಹೇಡಿಗಳೆನ್ನಲು ನನಗೆ ಬಾಯಿ ಬರುವುದಿಲ್ಲ.

ಆದರೆ ಭಯಕ್ಕೂ ಬುದ್ಧಿಗೇಡಿತನಕ್ಕೂ ವ್ಯತ್ಯಾಸವಿದೆ. 2021ರ ಡಿಸೆಂಬರ್ 1ರಂದು ಸಿಬಿಎಸ್‌ಇಯ ಹನ್ನೆರಡನೇ ತರಗತಿಯ ಸಮಾಜಶಾಸ್ತ್ರ ಪತ್ರಿಕೆ, 2002ರಲ್ಲಿ ಗುಜರಾತಿನಲ್ಲಿ ಮುಸ್ಲಿಮರ ಮೇಲೆ ನಡೆದ ಹಿಂಸಾಚಾರ ಯಾವ ಸರ್ಕಾರದ ಕಾಲದ್ದು ಎಂದು ಕೇಳಿತು. ಆಯ್ಕೆಗಳು ನಾಲ್ಕು: ಕಾಂಗ್ರೆಸ್, ಬಿಜೆಪಿ, ಡೆಮಾಕ್ರಟಿಕ್, ರಿಪಬ್ಲಿಕನ್. ಅಹಮದಾಬಾದಿನಲ್ಲಿ ಅಮೆರಿಕದ ಪಕ್ಷಗಳು ಆಳಿದ್ದುಂಟೇ ಎಂದು ಹುಡುಗರು ತಲೆ ಕೆರೆದುಕೊಳ್ಳಲಿಲ್ಲ. ಎರಡನ್ನು ಹೊಡೆದು ಹಾಕಿದರೆ ಉಳಿಯುವುದು ಎರಡೇ. ಅದರಲ್ಲಿ ಸಮಾಜಶಾಸ್ತ್ರ ಎಲ್ಲಿತ್ತು? ಹಿಂಸೆ ಯಾಕೆ ಹಬ್ಬಿತು, ನೆರೆಹೊರೆ ಹೇಗೆ ಒಡೆಯಿತು, ಆಡಳಿತ ಏನು ಮಾಡಿತು, ಏನು ಮಾಡಲಿಲ್ಲ ಎಂಬುದು ಆ ಶಾಸ್ತ್ರದ ಪ್ರಶ್ನೆ. ಪಕ್ಷದ ಹೆಸರಿಗೆ ಗುರುತು ಹಾಕುವುದು ಮತಗಟ್ಟೆಯ ಕೆಲಸ. ಮಂಡಳಿ ಅದೇ ದಿನ ‘ಪ್ರಶ್ನೆ ಅನುಚಿತ’ ಎಂದಿತು. ಕಳಪೆ ಎನ್ನಲಿಲ್ಲ. ಮರುವರ್ಷ ಎನ್‌ಸಿಇಆರ್‌ಟಿ ಪಠ್ಯಪುಸ್ತಕದಿಂದ ಗುಜರಾತ್ ಹಿಂಸೆಯ ಭಾಗವನ್ನೇ ತೆಗೆಯಿತು. ಪಾಠವೇ ಇಲ್ಲದ ಮೇಲೆ ಪ್ರಶ್ನೆ ತಪ್ಪುವುದು ಹೇಗೆ?

ಕಾಸರಗೋಡಿನ ನಮ್ಮ ಮೀಂಜಕ್ಕೂ ಒಂದು ‘ಸೂಕ್ಷ್ಮ ವಿಷಯ’ ಇದೆ. 1956ರ ನವೆಂಬರ್ 1ರಂದು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡದಿಂದ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. (ಹೋಯಿತೇ, ಕೊಟ್ಟರೇ, ಕಸಿದರೇ? ಕ್ರಿಯಾಪದ ಆರಿಸುವಷ್ಟರಲ್ಲಿ ಚಹಾ ತಣಿಯುತ್ತದೆ.) ಇದರ ಮೇಲೊಂದು ಪ್ರಶ್ನೆ ಮಾಡಲು ಕಲ್ಪನೆಯ ಸಮಿತಿಯೊಂದನ್ನು ಇಲ್ಲಿನ ಮೀಯಪದವಿನಲ್ಲಿ ಕೂರಿಸೋಣ.

ಕನ್ನಡಾಭಿಮಾನಿ ಮಾಷ್ಟ್ರು ಬರೆದರು: ‘ಕಾಸರಗೋಡಿಗಾದ ಅನ್ಯಾಯವನ್ನು ವಿವರಿಸಿ.’ ತೀರ್ಪು ಪ್ರಶ್ನೆಯಲ್ಲೇ ಬಂತು. ಮಕ್ಕಳದ್ದು ಬರೀ ಸಹಿ. ಇನ್ನೊಬ್ಬರು ತಿದ್ದಿದರು: ‘ಕಾಸರಗೋಡು ತನ್ನ ಸಹಜ ನೆಲೆ ಸೇರಿದ ವರ್ಷ ಯಾವುದು?’ ಇಲ್ಲೂ ಅದೇ ಕತೆ, ‘ಸಹಜ’ದ ಬೆನ್ನ ಹಿಂದೆ ತೀರ್ಪು ಅಡಗಿ ಕೂತಿದೆ. ಕೇಳಿದ್ದು ಮಾತ್ರ ಇಸವಿ.

ಮೂಲೆಯಲ್ಲಿ ಕೂತಿದ್ದ ಟೀಚರ್ ಒಬ್ಬರು ಮೂರನೆಯದನ್ನು ಬರೆದರು. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ಇಡೀ ತಾಲೂಕನ್ನು ಕೇರಳಕ್ಕೆ ಸೇರಿಸಬೇಕೆಂದಿತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದಿತು. ಎರಡೂ ವರದಿಗಳಿಂದ ನಾಲ್ಕು ನಾಲ್ಕು ಸಾಲು ಕೊಟ್ಟು ಅವರು ಕೇಳಿದ್ದಿಷ್ಟು: ‘ತಾಲೂಕನ್ನು ಇಡಿಯಾಗಿ ನೋಡಿದಾಗ ಬರುವ ಉತ್ತರ, ಹೊಳೆಯಲ್ಲಿ ಗೆರೆ ಎಳೆದು ನೋಡಿದಾಗ ಬದಲಾಗುವುದು ಯಾಕೆ? ಕೊಟ್ಟ ಸಾಲುಗಳ ಆಧಾರದಲ್ಲಿ ಬರೆಯಿರಿ.’ ಜೊತೆಗೆ ಮೌಲ್ಯಮಾಪಕರಿಗೆ ಸೂಚನೆ: ಯಾವ ರಾಜ್ಯದ ಪರ ಬರೆದರೂ ಅಂಕ ಒಂದೇ, ಕೊಟ್ಟ ಸಾಲುಗಳಿಂದ ಕಾರಣ ತೋರಿಸದಿದ್ದರೆ ಅಂಕವಿಲ್ಲ.

ಪ್ರಶ್ನೆ ಯಾರ ಕಡೆಗೂ ವಾಲಲಿಲ್ಲ, ಏನನ್ನೂ ಮುಚ್ಚಿಡಲಿಲ್ಲ. ಹೊಳೆಯ ಉತ್ತರಕ್ಕಿರುವ ಮೀಂಜದ ಹುಡುಗಿಯೂ ದಕ್ಷಿಣದ ಕಾಞಂಗಾಡಿನ ಹುಡುಗನೂ ಅದೇ ಸಾಲುಗಳನ್ನು ಓದಿ, ಬೇರೆ ಬೇರೆ ತೀರ್ಮಾನಕ್ಕೆ ಬಂದು, ಪೂರ್ಣಾಂಕ ಪಡೆಯಬಹುದು.

ಸಮಿತಿ ಬೆವರಿತು. ‘ಟೀಚರೇ, ಎರಡು ಸರಿ ಉತ್ತರವೇ? ಮೌಲ್ಯಮಾಪನ ಕ್ಯಾಂಪಿನಲ್ಲಿ ಇದನ್ನೆಲ್ಲ ಓದುವುದು ಯಾರು?’ ಎಂದರು ಒಬ್ಬರು. ‘ಓದಬೇಕಲ್ಲ ಮಾಷ್ಟ್ರೇ’ ಎಂದರು ಟೀಚರ್. ಓದುವುದು ಸಂಬಳದ ಕೆಲಸವೆಂದು ಯಾರೂ ಒಪ್ಪಲಿಲ್ಲ. ‘ಮಹಾಜನ ಎಂದರೆ ನಾಳೆ ಇವರು ಬರುತ್ತಾರೆ, ಬಿಟ್ಟರೆ ಅವರು ಬರುತ್ತಾರೆ’ ಎಂದರು ಇನ್ನೊಬ್ಬರು.

ಕೊನೆಗೆ ಸರ್ವಾನುಮತದಿಂದ ಆಯ್ಕೆಯಾದ ಪ್ರಶ್ನೆ: ‘ರಾಜ್ಯ ಪುನರ್ವಿಂಗಡಣಾ ಆಯೋಗದ ಮೂವರು ಸದಸ್ಯರನ್ನು ಹೆಸರಿಸಿ.’ ಫಜಲ್ ಅಲಿ, ಕುಂಜ್ರು, ಪಣಿಕ್ಕರ್. ಮೂರು ಹೆಸರು, ಮೂರು ಅಂಕ. ಆ ಮೂವರು ಪರೀಕ್ಷೆ ಬರೆಯುತ್ತಿರುವ ಹುಡುಗಿಯ ಊರಿಗೆ ಏನು ಮಾಡಿದರೆಂದು ಪತ್ರಿಕೆ ಕೇಳುವುದಿಲ್ಲ. ಪಣಿಕ್ಕರ್ ಕಾಗುಣಿತ ತಪ್ಪಿದರೆ ಅರ್ಧ ಅಂಕ ಕಡಿತ.