ಮೈನಸ್ ಅಳಿಸಿಕೊಂಡು ಬನ್ನಿ ಎಂದ ಸಾಹೇಬರಿಗೊಂದು ಬಹಿರಂಗ ಪತ್ರ

ಸಾಹೇಬರೇ,

ನಿನ್ನೆ ನಿಮ್ಮ ಕಚೇರಿಯ ಹೊರಗೆ, ಒಂದು ಕಾಲು ಗಿಡ್ಡವಿರುವ ಆ ಬೆಂಚಿನ ಮೇಲೆ, ಬೆಳಗ್ಗೆ 10.30ರಿಂದ ಸಂಜೆ 4.15ರವರೆಗೆ ಕೂತಿದ್ದ ಪಿ.ಇ. ಮೇಷ್ಟ್ರು ನಾನೇ. ಕೊರಳಲ್ಲಿ ವಿಷಲ್ಲು, ತೊಡೆಯ ಮೇಲೆ ಎಂಟನೇ ತರಗತಿಯ 42 ಮಕ್ಕಳ ಅಳತೆಯ ಹಾಳೆ. ನಡುವೆ ಎರಡು ಸಲ ಒಳಗೆ ಇಣುಕಿದೆ. ಒಮ್ಮೆ ನೀವು ಮೀಟಿಂಗಿನಲ್ಲಿದ್ದಿರಿ, ಇನ್ನೊಮ್ಮೆ ಊಟಕ್ಕೆ ಹೋಗಿದ್ದಿರಿ. ಕೊನೆಗೆ ಸಿಕ್ಕಿದಾಗ ಹಾಳೆಯ ಮೇಲೆ ಬೆರಳಾಡಿಸಿ, "ಏನ್ರೀ ಇದು, ಸಿಟ್ ಅಂಡ್ ರೀಚ್ ಕಾಲಂ ತುಂಬಾ ಮೈನಸ್ಸೇ ಇದೆಯಲ್ಲ? ಕಂಪ್ಯೂಟರ್ ತಗೊಳ್ಳಲ್ಲ. ಅಳಿಸಿಕೊಂಡು ಬನ್ನಿ" ಅಂದಿರಿ. ಅಷ್ಟು ಹೇಳಲು ಒಂದು ನಿಮಿಷವೂ ಹಿಡಿಯಲಿಲ್ಲ. ಪಕ್ಕದಲ್ಲಿದ್ದ ಗುಮಾಸ್ತರು ನನ್ನ ಕಷ್ಟ ಕಂಡು ತಮ್ಮ ಮೇಜಿನ ರಬ್ಬರನ್ನೇ ಮುಂದೆ ನೂಕಿದರು. ಅವರಿಗೆ ನನ್ನ ನಮಸ್ಕಾರ. ರಬ್ಬರು ಮುಟ್ಟಲಿಲ್ಲ, ಬಸ್ಸು ಹಿಡಿದು ಬಂದೆ.

ಆ ಮೈನಸ್ಸು ಎಲ್ಲಿಂದ ಬಂತು ಅಂತ ಒಂದಿಷ್ಟು ಹೇಳಿಬಿಡುತ್ತೇನೆ, ಕೇಳಿಸಿಕೊಳ್ಳಿ. ನಿನ್ನೆ ಕೇಳಿಸಿಕೊಳ್ಳುವಷ್ಟು ಪುರುಸೊತ್ತು ನಿಮಗಿರಲಿಲ್ಲ.

ನಮ್ಮ ಶಾಲೆಗೆ ಸಿಟ್ ಅಂಡ್ ರೀಚ್ ಪೆಟ್ಟಿಗೆ ಸರಬರಾಜಾಗಿಲ್ಲ. ಊರಿನ ಬಡಗಿಯ ಕೈಲಿ ಪ್ಲೈವುಡ್ಡಿನದೊಂದು ಮಾಡಿಸಿದೆ. ಎತ್ತರ 30 ಸೆಂಟಿಮೀಟರ್, ಮೇಲೊಂದು ಹಲಗೆ, ಹಲಗೆಗೆ ಅಂಟಿಸಿದ ಅಳತೆಪಟ್ಟಿ. ಮಗು ಬರಿಗಾಲಲ್ಲಿ ನೆಲದ ಮೇಲೆ ಕಾಲು ಚಾಚಿ ಕೂತು ಎರಡೂ ಅಂಗಾಲನ್ನು ಪೆಟ್ಟಿಗೆಗೆ ಒತ್ತಿ ಇಡಬೇಕು. ಪೆಟ್ಟಿಗೆ ಜಾರದಂತೆ ಅದರ ಬೆನ್ನು ಗೋಡೆಗೆ ಆನಿಸಿರಬೇಕು. ಒಂದು ಅಂಗೈ ಮೇಲೆ ಇನ್ನೊಂದು ಅಂಗೈ, ಎರಡು ನಡುಬೆರಳಿನ ತುದಿಯೂ ಒಂದೇ ಸಮ. ಹಾಗೆ ನಿಧಾನವಾಗಿ ಬಗ್ಗಿ ಎಷ್ಟು ದೂರ ಹೋಗುತ್ತದೋ ಅಲ್ಲಿ ಎರಡು ಸೆಕೆಂಡು ನಿಲ್ಲಬೇಕು. ನಿಲ್ಲದೆ ಝಟ್ಟನೆ ಬಗ್ಗಿ ಒಮ್ಮೆ ಮುಟ್ಟಿ ಬಂದದ್ದು ಲೆಕ್ಕಕ್ಕಿಲ್ಲ. ಮಂಡಿ ಎತ್ತಿದರೂ ಲೆಕ್ಕಕ್ಕಿಲ್ಲ. ಎಲ್ಲ ಮಕ್ಕಳೂ ಮಂಡಿ ಎತ್ತುತ್ತಾರೆ. ಅದಕ್ಕೇ ಒಬ್ಬ ಹುಡುಗ ಪಕ್ಕದಲ್ಲಿ ಕೂತು ಮಂಡಿಯ ಮೇಲೆ ಕೈ ಇಟ್ಟುಕೊಂಡಿರುತ್ತಾನೆ. ಒತ್ತುವುದಕ್ಕಲ್ಲ, ಎದ್ದರೆ ಹೇಳುವುದಕ್ಕೆ.

ನಮ್ಮ ಪೆಟ್ಟಿಗೆಯಲ್ಲಿ ಅಂಗಾಲು ತಾಗುವ ಗೆರೆಯೇ ಸೊನ್ನೆ. ಬೆರಳು ಆ ಗೆರೆ ದಾಟಿ 6 ಸೆಂಟಿಮೀಟರ್ ಹೋದರೆ 6. ಗೆರೆಗೆ 11 ಸೆಂಟಿಮೀಟರ್ ಇರುವಾಗಲೇ ನಿಂತರೆ ಮೈನಸ್ 11. ಅದು ಬೈಗುಳವಲ್ಲ, ಸಾಹೇಬರೇ. ಗೆರೆಯ ಈಚೆ ಅಂತ, ಅಷ್ಟೇ.

ಈಗ ನಿಮ್ಮ ರಬ್ಬರು ತಗೊಳ್ಳಿ. ನನ್ನ ಹಾಳೆಯ ಮೊದಲ ಐದು ಮಕ್ಕಳ ಅಳತೆ 6, 3, ಮೈನಸ್ 2, ಮೈನಸ್ 4, ಮೈನಸ್ 11. ಕೂಡಿ ಐದರಿಂದ ಭಾಗಿಸಿದರೆ ಸರಾಸರಿ ಮೈನಸ್ 1.6. ಅಂದರೆ ಇವರಿಗೆ ಒಟ್ಟಾರೆ ಕಾಲಬೆರಳು ಸಿಗುತ್ತಿಲ್ಲ. ಮೈನಸ್ ಅಳಿಸಿ, ಅದೇ ಸರಾಸರಿ 5.2. ಒಂದೇ ರಾತ್ರಿಯಲ್ಲಿ, ಒಂದೂ ಆಸನ ಹಾಕದೆ, 6.8 ಸೆಂಟಿಮೀಟರ್ ಬಗ್ಗುವಿಕೆ! ಮಕ್ಕಳ ಮೈ ರಬ್ಬರು ಇದ್ದಂತೆ ಅಂತ ಹಿರಿಯರು ಹೇಳುತ್ತಿದ್ದರು, ಯಾವ ರಬ್ಬರು ಅಂತ ನಿನ್ನೆ ಗೊತ್ತಾಯಿತು.

ಅದೂ ಹೋಗಲಿ. ಮೈನಸ್ 11ರ ಹುಡುಗ ಈ ವರ್ಷ ಬಿದಿರಿನಂತೆ ಬೆಳೆದವನು. ಪ್ಯಾಂಟು ಕಣಕಾಲು ಬಿಟ್ಟು ಮೇಲೇರಿದೆ. ಈ ವಯಸ್ಸಿನಲ್ಲಿ ಮೊದಲು ಕಾಲು ಉದ್ದವಾಗುತ್ತದೆ, ಮುಂಡ ಆಮೇಲೆ ಬೆಳೆಯುತ್ತದೆ. ಹಾಗಾಗಿ ಹೋದ ವರ್ಷ ಮುಟ್ಟಿದ್ದ ಕಾಲಬೆರಳು ಈ ವರ್ಷ ದೂರ ಹೋಗಿದೆ. ಅವನಿಗೆ ತೊಡೆಯ ಹಿಂಭಾಗ ಸಡಿಲಿಸುವ ವ್ಯಾಯಾಮ ಮಾಡಿಸಬೇಕು, ಆರು ತಿಂಗಳು ಬಿಟ್ಟು ಮತ್ತೆ ಅಳೆಯಬೇಕು. ನಿಮ್ಮ ರಬ್ಬರಿನ ನಂತರ ಅವನು ತರಗತಿಗೇ ಮೊದಲಿಗ. ನಿಜವಾಗಿ 6 ಮುಟ್ಟಿದ ಹುಡುಗಿ ಅವನ ಹಿಂದೆ. ಇನ್ನಾರು ತಿಂಗಳು ನಾನು ಬೆವರು ಹರಿಸಿ ಅವನನ್ನು ಮೈನಸ್ 11ರಿಂದ ಮೈನಸ್ 5ಕ್ಕೆ ತಂದೆ ಅಂತಿಟ್ಟುಕೊಳ್ಳಿ. ನಿಮ್ಮ ಪುಸ್ತಕದಲ್ಲಿ 11 ಇದ್ದದ್ದು 5ಕ್ಕೆ ಇಳಿದಿರುತ್ತದೆ. "ಮಗುವಿನ ಪ್ರಗತಿ ಕುಂಠಿತ, ಕಾರಣ ಕೊಡಿ" ಅಂತ ನೋಟಿಸು ನನಗೇ ಬರುತ್ತದೆ.

ಪಕ್ಕದೂರಿನ ಶಾಲೆಯವರು ಮೈನಸ್ ಇಲ್ಲದೆ ಹೇಗೆ ಕೊಟ್ಟರು ಅಂತ ಕೇಳಿದಿರಲ್ಲ, ಅದೂ ಹೇಳುತ್ತೇನೆ. ಅವರದು ಅಂಗಡಿಯ ಪೆಟ್ಟಿಗೆ. ಅದರಲ್ಲಿ ಅಂಗಾಲಿನ ಗೆರೆಗೆ ಸೊನ್ನೆಯಿಲ್ಲ, 23 ಇದೆ. ಕೆಲವು ಪೆಟ್ಟಿಗೆಗಳಲ್ಲಿ 15 ಇರುತ್ತದೆ, ಕೆಲವುಗಳಲ್ಲಿ 26. ನಮ್ಮ ಮೈನಸ್ 4ರ ಹುಡುಗಿ ಅಲ್ಲಿ ಹೋಗಿ ಕೂತರೆ 19. ಅವರ 14ರ ಹುಡುಗ ನಮ್ಮಲ್ಲಿ ಬಂದು ಕೂತರೆ ಮೈನಸ್ 9. ಹಾಳೆಯ ತಲೆಯ ಮೇಲೆ "ಪಾದದ ಗೆರೆ ಇಷ್ಟು" ಅಂತ ಬರೆಯದೇ ಇದ್ದರೆ ಎರಡು ಶಾಲೆಯ ಅಂಕಿಗಳನ್ನು ಅಕ್ಕಪಕ್ಕ ಇಡುವುದೂ ಒಂದೇ, ಸೇರಿನ ಅಕ್ಕಿಯನ್ನು ಮೊಳದ ಬಟ್ಟೆಯ ಪಕ್ಕ ಇಡುವುದೂ ಒಂದೇ. ನಿಮ್ಮ ನಮೂನೆಯಲ್ಲಿ ಮುಖ್ಯೋಪಾಧ್ಯಾಯರ ಸಹಿಗೆ ಮೂರು ಕಡೆ ಜಾಗವಿದೆ. ಪಾದದ ಗೆರೆಗೆ ಒಂದು ಕಡೆಯೂ ಇಲ್ಲ.

ಹಾಗಾದರೆ ನಮ್ಮ ಎಲ್ಲ ಮಕ್ಕಳಿಗೂ 23 ಕೂಡಿಸಿ, ಮೇಲೆ "ಪಾದದ ಗೆರೆ 23" ಅಂತ ಬರೆದುಕೊಡುತ್ತೇನೆ, ಮೈನಸ್ಸೂ ಹೋಗುತ್ತದೆ, ಲೆಕ್ಕವೂ ಕೆಡುವುದಿಲ್ಲ ಅಂದೆ. ಅದಕ್ಕೆ ನೀವು ಏನಂದಿರಿ? "ನಿಮಗೆ ಬೇಕಾದ ಹಾಗೆ ಅಂಕಿ ಬದಲಾಯಿಸೋಕೆ ಆಗಲ್ಲ ರೀ." ಎಲ್ಲರಿಗೂ ಒಂದೇ ಸಮ ಕೂಡಿಸಿದರೆ ತಪ್ಪು, 17 ಮಕ್ಕಳ ಮೈನಸ್ ಅಳಿಸಿದರೆ ಸರಿ. ಬಸ್ಸಿನಲ್ಲಿ ಇಡೀ ದಾರಿ ಇದನ್ನೇ ಅಗಿದೆ, ಸಾಹೇಬರೇ. ನುಂಗಲಾಗಲಿಲ್ಲ.

ಉಳಿದ ಕಾಲಂಗಳ ಮೇಲೆ ನೀವು ಕಣ್ಣೇ ಹಾಯಿಸಲಿಲ್ಲ, ಅದೊಂದು ಬೇಜಾರು. ಎತ್ತರ ಅಳೆಯಲು ಒಂದು ಪೂರ್ತಿ ಪೀರಿಯಡ್ಡು ಗೋಡೆ ಹುಡುಕುವುದಕ್ಕೇ ಹೋಯಿತು. ನಮ್ಮ ತರಗತಿಯ ಗೋಡೆಯ ಬುಡದಲ್ಲಿ ಟೈಲ್ಸಿನ ಪಟ್ಟಿ ಮುಂದೆ ಚಾಚಿದೆ, ಅದಕ್ಕೆ ಹಿಮ್ಮಡಿ ಒಳಗೆ ಹೋಗುವುದಿಲ್ಲ. ಕೊನೆಗೆ ವರಾಂಡದ ಕಂಬಕ್ಕೆ ಉಕ್ಕಿನ ಟೇಪು ಅಂಟಿಸಿದೆವು, ಸೊನ್ನೆ ನೆಲಕ್ಕೆ ತಾಗಿದೆಯೇ ಅಂತ ಬಗ್ಗಿ ನೋಡಿ. ಹಿಮ್ಮಡಿ, ಪೃಷ್ಠ, ಬೆನ್ನು ಕಂಬಕ್ಕೆ ಆನಿಸಿ, ಕಿವಿಯ ತೂತು ಮತ್ತು ಕಣ್ಣಿನ ಕೆಳಗಿನ ಎಲುಬು ಒಂದೇ ಮಟ್ಟಕ್ಕೆ ಬರುವಂತೆ ತಲೆ ನಿಲ್ಲಿಸಬೇಕು. ಎತ್ತರ ಕಾಣುವ ಆಸೆಗೆ ಮಕ್ಕಳು ಗಲ್ಲ ಎತ್ತುತ್ತಾರೆ, ನೆತ್ತಿ ಹಿಂದಕ್ಕೆ ವಾಲಿ ಇರುವ ಎತ್ತರವೂ ಕಮ್ಮಿಯಾಗುತ್ತದೆ. ಹುಡುಗಿಯರ ಮಡಿಸಿ ಕಟ್ಟಿದ ಜಡೆ, ರಿಬ್ಬನ್ನು ಬಿಚ್ಚಿಸಬೇಕು. ತಲೆಯ ಮೇಲೆ ಇಡಲು ಗಾರೆಯವರ ಮೂಲೆಮಟ್ಟ ಕೇಳಿ ತಂದೆ, ಪರೀಕ್ಷೆಯ ಪ್ಯಾಡು ಇಟ್ಟರೆ ಓರೆಯಾಗುತ್ತದೆ. ಕಣ್ಣನ್ನು ಗುರುತಿನ ಮಟ್ಟಕ್ಕೇ ಇಟ್ಟು ಓದಬೇಕು, ಅದಕ್ಕೆ ನಾನು ಇಟ್ಟಿಗೆ ಹತ್ತಿ ನಿಂತೆ. ಎರಡು ಸಲ ಅಳೆದು, ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರನೇ ಸಲ. ನಾನು ಹೇಳಿದ ಅಂಕಿಯನ್ನು ಬರೆಯುವ ಹುಡುಗಿ ಗಟ್ಟಿಯಾಗಿ ತಿರುಗಿ ಹೇಳಿಯೇ ಬರೆಯಬೇಕು. "ನಲವತ್ತೇಳು" ಮಕ್ಕಳ ಗಲಾಟೆಯಲ್ಲಿ "ಐವತ್ತೇಳು" ಆಗುವುದಕ್ಕೆ ಹೆಚ್ಚು ಹೊತ್ತು ಬೇಡ.

ಇಷ್ಟೆಲ್ಲ ಯಾಕೆ ಅಂದರೆ ಹೋದ ವರ್ಷದ ಹಾಳೆ ನನ್ನ ಹತ್ತಿರ ಇದೆ. ಆಗ ಎತ್ತರವನ್ನು ಅಡಿ ಇಂಚಿನಲ್ಲಿ ಕೇಳಿದ್ದಿರಿ. 4 ಅಡಿ 10 ಇಂಚಿನ ಹುಡುಗಿಯನ್ನು 4.10 ಅಂತ ಹೊಡೆದೆವು. ಕಂಪ್ಯೂಟರು ಕೊನೆಯ ಸೊನ್ನೆ ನುಂಗಿ 4.1 ಅಂದಿತು. ನಿಮ್ಮ ಕಚೇರಿಯ ಪ್ರಿಂಟಿನಲ್ಲಿ ಅವಳು 4 ಅಡಿ 1 ಇಂಚು. ಒಂಬತ್ತು ಇಂಚು ಮಾಯ! ಮೈನಸ್ ನುಂಗಲಾಗದ ಕಂಪ್ಯೂಟರಿಗೆ ಸೊನ್ನೆ ಮಾತ್ರ ಸಲೀಸಾಗಿ ಇಳಿಯುತ್ತದೆ. ಎತ್ತರ ಕಮ್ಮಿಯಾಗಿ ತೂಕ ಹಾಗೇ ಉಳಿದರೆ ಬಿ.ಎಂ.ಐ. ಏರುತ್ತದಲ್ಲ, ಆ ಕಡ್ಡಿಯಂಥ ಹುಡುಗಿಯ ಹೆಸರು "ಅಧಿಕ ತೂಕ" ಪಟ್ಟಿಗೆ ಸೇರಿತು. ಅವಳ ಅಮ್ಮ ಸ್ಕೂಲಿಗೆ ಬಂದು, "ಮೊಟ್ಟೆ ಕೊಡೋದು ನಿಲ್ಲಿಸಬೇಕಾ ಸಾ?" ಅಂತ ಕೇಳಿದರು. ಆವತ್ತು ನಾನು ನೆಲ ನೋಡಿಕೊಂಡು ಉತ್ತರ ಹೇಳಿದೆ.

ತೂಕದ ಯಂತ್ರ ಜಮಖಾನದ ಮೇಲೆ ಇಟ್ಟರೆ ಒಂದು ಲೆಕ್ಕ, ಗಟ್ಟಿ ನೆಲದ ಮೇಲೆ ಇನ್ನೊಂದು. ನಾನು ರೇಷನ್ ಅಂಗಡಿಯಿಂದ ಮುದ್ರೆ ಹಾಕಿದ ಹತ್ತು ಕೆ.ಜಿ.ಯ ಎರಡು ಕಲ್ಲು ತಂದು ಯಂತ್ರದ ಮೇಲಿಟ್ಟು, 20 ತೋರಿಸಿದ ಮೇಲೇ ಮಕ್ಕಳನ್ನು ಹತ್ತಿಸಿದ್ದು. ತೂಕ ಮಾತ್ರ ಕೂಗಿ ಹೇಳುವುದಿಲ್ಲ, ಚೀಟಿಯಲ್ಲಿ ಬರೆಯುತ್ತೇವೆ. ಕೂಗಿದರೆ ಅದೇ ಅಂಕಿ ವರ್ಷವಿಡೀ ಆ ಮಗುವಿನ ಅಡ್ಡಹೆಸರು.

ತೋಳಿನ ಹರವಿನ ಬಗ್ಗೆ ಗುಮಾಸ್ತರು ಒಂದು ಆಕ್ಷೇಪ ಎತ್ತಿದ್ದರು. "ಎತ್ತರ 144, ತೋಳು 152. ಟ್ಯಾಲಿ ಆಗ್ತಿಲ್ಲ, ಸರಿಮಾಡಿ." ಸಾಮಾನ್ಯವಾಗಿ ಎರಡೂ ಹೆಚ್ಚುಕಮ್ಮಿ ಒಂದೇ ಇರುತ್ತವೆ, ನಿಜ. ನಾನೂ ಹಾಗೇ ಅಂದುಕೊಂಡು ಮತ್ತೆ ಅಳೆದೆ. ಗೋಡೆಯ ಮೂಲೆಗೆ ಒಂದು ಕೈಯ ನಡುಬೆರಳು ತಾಗಿಸಿ, ತೋಳು ಭುಜದ ಮಟ್ಟದಿಂದ ಜಾರದಂತೆ ನೋಡಿ, ಇನ್ನೊಂದು ತುದಿಯಲ್ಲಿ ಗುರುತು ಹಾಕಿದೆ. ಮತ್ತೆ 152. ತೋಳು ಸರಿಯಾಗಿಯೇ ಇದೆ ಸಾಹೇಬರೇ, ಬಗ್ಗಿರುವುದು ಆ ಹುಡುಗಿಯ ಬೆನ್ನು. ಬಗ್ಗಿಸಿ ನಿಲ್ಲಿಸಿ ಹಿಂದಿನಿಂದ ನೋಡಿದರೆ ಒಂದು ಕಡೆಯ ಪಕ್ಕೆ ಉಬ್ಬಿ ಕಾಣುತ್ತದೆ. ಸೋಮವಾರ ಅವರಪ್ಪನ ಜೊತೆ ಮೂಳೆ ಡಾಕ್ಟರ ಹತ್ತಿರ ಹೋಗುತ್ತಿದ್ದಾಳೆ. ಟ್ಯಾಲಿ ಮಾಡಿದ್ದರೆ ಹೋಗುತ್ತಿರಲಿಲ್ಲ.

ಮತ್ತೆ ಮೈನಸ್ಸಿಗೇ ಬರುತ್ತೇನೆ, ನನಗೆ ಬೇರೆ ಏನೂ ತಲೆಗೆ ಹೋಗುತ್ತಿಲ್ಲ. ಸ್ಟಾಫ್ ರೂಮಿನಲ್ಲಿ ಆಗಲೇ ನನ್ನನ್ನು "ಮೈನಸ್ ಮೇಷ್ಟ್ರು" ಅನ್ನುತ್ತಿದ್ದಾರೆ. ನಿನ್ನೆ ರಾತ್ರಿ ನಿದ್ದೆ ಬಾರದೆ, ಇವತ್ತು ಬೆಳಗ್ಗೆ ಮಕ್ಕಳು ಬರುವ ಮೊದಲೇ ನಾನೂ ಪೆಟ್ಟಿಗೆಯ ಮುಂದೆ ಕೂತೆ. ಮೈನಸ್ 13. ಆರು ಗಂಟೆ ಆ ಬೆಂಚಿನ ಮೇಲೆ ಕೂತದ್ದಕ್ಕೋ, 51 ವರ್ಷಕ್ಕೋ, ಗೊತ್ತಿಲ್ಲ. ಹಾಳೆಯ ಕೊನೆಗೆ ನನ್ನದನ್ನೂ ಮೈನಸ್ ಸಮೇತ ಬರೆದಿದ್ದೇನೆ. 42ರ ಕೆಳಗೆ 43ನೆಯದು ನಾನು. 44ನೇ ಸಾಲು ಖಾಲಿ ಬಿಟ್ಟಿದ್ದೇನೆ.

ಹಾಳೆಯನ್ನು ಈ ಸಲ ನಾನು ತರುವುದಿಲ್ಲ, ನೀವೇ ತಪಾಸಣೆಗೆ ಬಂದಾಗ ನೋಡಿ. ಪೆಟ್ಟಿಗೆ ವರಾಂಡದಲ್ಲೇ ಇರುತ್ತದೆ. ಬರುವಾಗ ಸ್ವಲ್ಪ ಸಡಿಲವಾದ ಪ್ಯಾಂಟು ಹಾಕಿಕೊಂಡು ಬನ್ನಿ. ಮಂಡಿ ಹಿಡಿಯಲು ನಮ್ಮ ಹುಡುಗ ಇದ್ದಾನೆ.

ಇಂತಿ,
ಮೈನಸ್ ಮೇಷ್ಟ್ರು