ಕನಿಷ್ಠ ನಮ್ಮದು, ಗರಿಷ್ಠ ಅವರದು

ಸಿಕಂದರಾಬಾದಿನ ರಾಣಿಗಂಜ್‌ನಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿರುವ ನಮ್ಮ ಭಾವನಿಗೆ ಹೋದ ಮಾರ್ಚ್ ಕೊನೆಯ ವಾರ ಒಂದು ದೊಡ್ಡ ಗೌರವ ಹುಡುಕಿಕೊಂಡು ಬಂತು. ಹೆಸರಾಂತ ಕಂಪನಿಯೊಂದು ಅವರನ್ನು ತನ್ನ ಡಿಸ್ಟ್ರಿಬ್ಯೂಟರ್ ಮಾಡಿಕೊಳ್ಳಲು ಮುಂದಾಗಿತ್ತು. ಏರಿಯಾ ಮ್ಯಾನೇಜರ್ ಮಿಠಾಯಿ ಡಬ್ಬಿಯ ಜೊತೆ 34 ಪುಟದ ಕರಾರು ಪತ್ರ ಇಟ್ಟು, "ನೀವೀಗ ನಮ್ಮ ಕುಟುಂಬ" ಎಂದು ಹೇಳಿ ಹೋದ. ಭಾವ ಮಿಠಾಯಿ ತಿಂದರು, ಕರಾರು ಪತ್ರವನ್ನು ನನಗೆ ಕೊಟ್ಟರು. ನಾನು ಆಡಿಟರ್ ಕಚೇರಿಯಲ್ಲಿ ಇಪ್ಪತ್ತು ವರ್ಷ ಇಂಥ ಕಾಗದಗಳನ್ನೇ ಓದಿ ಕಣ್ಣು ಕಳೆದುಕೊಂಡವನು.

"ನಾಲ್ಕನೇ ಕಲಮು ನೋಡಪಾ, ಎಕ್ಸ್‌ಕ್ಲೂಸಿವಿಟಿ ಅಂತ ದಪ್ಪಕ್ಷರದಾಗ ಅದ. ಹೈದರಾಬಾದಿಗೆ ನಾನೊಬ್ಬನ" ಎಂದರು ಭಾವ. ಬೀದರ್ ಬಿಟ್ಟು ಮೂವತ್ತು ವರ್ಷವಾದರೂ ಮಾತು ಬೀದರ್‌ನದೇ.

ನಾನು ನಾಲ್ಕನೇ ಕಲಮನ್ನು ಓದಿದೆ. ಡಿಸ್ಟ್ರಿಬ್ಯೂಟರ್ ಬೇರೆ ಯಾವ ಕಂಪನಿಯ ಪಂಪನ್ನೂ ಅಂಗಡಿಯಲ್ಲಿ ಇಡಕೂಡದು ಎಂದಿತ್ತು. ಕಂಪನಿ ಬೇರೆ ಯಾರಿಗೂ ಮಾಲು ಕೊಡಕೂಡದು ಎಂಬ ಮಾತನ್ನು ನಾಲ್ಕನೆಯದರಲ್ಲಿ ಹುಡುಕಿದೆ, ಐದರಲ್ಲಿ ಹುಡುಕಿದೆ, ಕೊನೆಗೆ ಹನ್ನೊಂದರಲ್ಲಿ ಅದರ ತದ್ವಿರುದ್ಧ ಸಿಕ್ಕಿತು. ಆನ್‌ಲೈನ್ ಮಾರಾಟ, ಸರ್ಕಾರಿ ಟೆಂಡರು, ಬಿಲ್ಡರುಗಳ ಪ್ರಾಜೆಕ್ಟು, ಜೊತೆಗೆ "ಕಂಪನಿ ಕಾಲಕಾಲಕ್ಕೆ ಸೂಕ್ತವೆಂದು ಭಾವಿಸುವ ಇತರ ಗಿರಾಕಿಗಳು", ಇವರಿಗೆಲ್ಲ ಕಂಪನಿ ನೇರವಾಗಿ ಮಾರಬಹುದಂತೆ. ಭಾವ ಕಂಪನಿಗೊಬ್ಬರೇ, ಕಂಪನಿ ಮಾತ್ರ ಊರಿಗೆಲ್ಲ. ಶೀರ್ಷಿಕೆ ಇಬ್ಬರಿಗೂ ಸೇರಿದ್ದು, ವ್ರತ ಒಬ್ಬರಿಗೆ.

ಇಲ್ಲಿ ಒಂದು ಸೂಕ್ಷ್ಮವಿದೆ. ವ್ಯಾಪಾರದ ಭಾಷೆಯಲ್ಲಿ 'ಸೋಲ್' ಎಂದರೆ ಕಂಪನಿ ಇನ್ನೊಬ್ಬ ಡಿಸ್ಟ್ರಿಬ್ಯೂಟರ್‌ನನ್ನು ನೇಮಿಸುವುದಿಲ್ಲ, ಆದರೆ ತಾನೇ ಬಂದು ಮಾರಬಹುದು. 'ಎಕ್ಸ್‌ಕ್ಲೂಸಿವ್' ಎಂದರೆ ಕಂಪನಿಯೂ ಆ ಸೀಮೆಯೊಳಗೆ ಕಾಲಿಡುವುದಿಲ್ಲ. ಎರಡನ್ನೂ 'ಆಥರೈಸ್ಡ್' ಎಂಬ ಒಂದೇ ಚೀಲಕ್ಕೆ ತುಂಬಿ ಕೊಟ್ಟರೆ ಸಿಗುವುದು ಅಂಗಡಿ ಮುಂದೆ ಹಾಕಲು ಒಂದು ಬೋರ್ಡು ಮಾತ್ರ. ಅದರ ಕರೆಂಟ್ ಬಿಲ್ಲೂ ನಮ್ಮದೇ.

ಸೀಮೆಯ ಕತೆ ಇನ್ನೂ ಚೆಂದ. ಕರಾರಿನ ಪ್ರಕಾರ ಭಾವನ ಸಾಮ್ರಾಜ್ಯ "ಹೈದರಾಬಾದ್ ಮತ್ತು ರಂಗಾರೆಡ್ಡಿ ಜಿಲ್ಲೆಗಳು". ಕಂಪನಿಯ ಕಾನೂನು ವಿಭಾಗ ಯಾವುದೋ ಹಳೆಯ ಕಡತದಿಂದ ನಕಲು ಹೊಡೆದಿತ್ತು. ತೆಲಂಗಾಣದ 10 ಜಿಲ್ಲೆಗಳು 2016ರ ಅಕ್ಟೋಬರಿನಲ್ಲಿ 31 ಆದವು, 2019ರಲ್ಲಿ 33 ಆದವು. ಆ ಹೊಡೆತದಲ್ಲಿ ರಂಗಾರೆಡ್ಡಿ ಒಡೆದು ಬಾಲಾನಗರ, ಜೀಡಿಮೆಟ್ಲ, ಕೂಕಟಪಲ್ಲಿ ಎಲ್ಲ ಮೇಡ್ಚಲ್-ಮಲ್ಕಾಜ್‌ಗಿರಿ ಜಿಲ್ಲೆಯ ಪಾಲಾದವು. ಅಂದರೆ ಕಾರ್ಖಾನೆಗಳಿರುವ ಕಡೆ, ಪಂಪು ಓಡುವ ಕಡೆ, ಭಾವನಿಗೆ ಹಕ್ಕಿಲ್ಲ. ಸರ್ಕಾರ ಜಿಲ್ಲೆಗಳನ್ನು ಮನಸ್ಸಿಗೆ ಬಂದಾಗ ಕತ್ತರಿಸುತ್ತದೆ. ಆದ್ದರಿಂದ ಸೀಮೆಯನ್ನು ಪಿನ್‌ಕೋಡುಗಳ ಪಟ್ಟಿಯಲ್ಲಿ ಬರೆಸುವುದು ಜಾಣತನ. ಮುಂದೆ ಈ ಪಟ್ಟಿ ಇನ್ನೊಂದು ಕೆಲಸಕ್ಕೂ ಬಂತು.

ಇನ್ನು ಕನಿಷ್ಠ ಖರೀದಿ. 'ಕನಿಷ್ಠ' ಎಂದು ಕರೆಯುತ್ತಾರೆ, ಆದರೆ ಅದು ಕಂಪನಿಯ ಕನಸಿನ ಗರಿಷ್ಠ. ವರ್ಷಕ್ಕೆ 1.2 ಕೋಟಿ, ತಿಂಗಳಿಗೆ ತಪ್ಪದೆ 10 ಲಕ್ಷ. ಪಂಪಿನ ವ್ಯಾಪಾರ ಬೋರ್‌ವೆಲ್ ಒಣಗಿದಾಗ ನಡೆಯುವಂಥದ್ದು: ಫೆಬ್ರುವರಿಯಿಂದ ಮೇವರೆಗೆ ಉಸಿರಾಡಲು ಬಿಡುವಿರುವುದಿಲ್ಲ, ಜುಲೈ ಮಳೆಯಲ್ಲಿ ನೊಣ ಹೊಡೆಯಲೂ ನೊಣ ಇರುವುದಿಲ್ಲ. ಕಂಪನಿಯ ಕ್ಯಾಲೆಂಡರಿನಲ್ಲಿ ಮಾತ್ರ ಮಳೆಗಾಲವೇ ಇಲ್ಲ.

"ಹಿಂದಿನ ಡಿಸ್ಟ್ರಿಬ್ಯೂಟರ್ ವರ್ಷಕ್ಕೆ ಎಷ್ಟು ಮಾರಿದ್ದ ಅಂತ ಕೇಳಿದ್ರಾ ಭಾವ?" ಎಂದೆ.

"ಕೇಳಿದ್ರ ಏನ್ ತಿಳಕೋತಾರೋ ಏನೋ ಅಂತ ಸುಮ್ಮನಾದೆ."

ಹೊಸ ಡಿಸ್ಟ್ರಿಬ್ಯೂಟರ್ ಕೇಳಲೇಬೇಕಾದ ಮೊದಲ ಪ್ರಶ್ನೆ ಇದು. ಆ ಮನುಷ್ಯ ಅದೇ ರಾಣಿಗಂಜ್‌ನಲ್ಲಿ ಈಗ ಪೈಪ್ ಮಾರುತ್ತಾನೆ. ಚಹಾ ಕುಡಿಸಿ ಕೇಳಿದೆವು. ಕಂಪನಿಯಿಂದ ಎತ್ತಿದ ಮಾಲು ಎಷ್ಟು ಎಂದು ಕೇಳಬಾರದು, ಅದು ಮಾರ್ಚಿನಲ್ಲಿ ಗೋಡೌನಿಗೆ ಸುರಿದ ಲೆಕ್ಕ. ಗಿರಾಕಿಗೆ ಮಾರಿದ್ದು ಎಷ್ಟು ಎಂದು ಕೇಳಬೇಕು. ಉತ್ತರ ಬಂತು: ಒಳ್ಳೆಯ ವರ್ಷದಲ್ಲಿ 70 ಲಕ್ಷ.

ಆ 70 ಲಕ್ಷವನ್ನು ಹಿಡಿದುಕೊಂಡು ಹದಿನಾಲ್ಕನೇ ಕಲಮಿಗೆ ಬಂದೆವು. ಕಡಿಮೆ ಬಿದ್ದ ಖರೀದಿಯ ಮೇಲೆ 10 ಪರ್ಸೆಂಟ್ ದಂಡ, 5 ಲಕ್ಷದ ಡೆಪಾಸಿಟ್‌ನಲ್ಲಿ ಮುರಿದುಕೊಳ್ಳುವುದು. ಭಾವನ ಮಾರ್ಜಿನ್ 8 ಪರ್ಸೆಂಟ್. 70 ಲಕ್ಷದ ವ್ಯಾಪಾರಕ್ಕೆ ಸಿಗುವುದು 5 ಲಕ್ಷ 60 ಸಾವಿರ. ಕಡಿಮೆ ಬಿದ್ದದ್ದು 50 ಲಕ್ಷ, ದಂಡ 5 ಲಕ್ಷ. ಉಳಿದದ್ದು 60 ಸಾವಿರ. ಬಾಡಿಗೆ, ಆಟೋ ಖರ್ಚು, ಇಬ್ಬರು ಹುಡುಗರ ಸಂಬಳ ಇನ್ನೂ ಕೊಟ್ಟಿಲ್ಲ. ಕುಟುಂಬದ ಸದಸ್ಯನಿಗೆ ಕುಟುಂಬ ಕೊಡುವುದು ತಿಂಗಳಿಗೆ 5 ಸಾವಿರ.

"ಕಾನೂನು ಇಲ್ಲೇನು?" ಎಂದು ಭಾವ ಸಿಟ್ಟಾದರು. ಇದೆ. 1872ರ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಕರಾರಿನಲ್ಲಿ ಬರೆದ ದಂಡದ ಮೊತ್ತ ಒಂದು ಮಿತಿ ಮಾತ್ರ. ಅದರೊಳಗೆ ನ್ಯಾಯವಾದಷ್ಟನ್ನೇ ಕೋರ್ಟು ಕೊಡಿಸುತ್ತದೆ. ಆದರೆ ಡೆಪಾಸಿಟ್ ಆಗಲೇ ಕಂಪನಿಯ ಪೆಟ್ಟಿಗೆಯಲ್ಲಿದೆ. ವಾಪಸು ಕೇಳಿ ಕೋರ್ಟಿಗೆ ಹೋಗಬೇಕಾದವರು ಭಾವ, ಆ ಕೋರ್ಟು ಕಂಪನಿಯ ಊರಿನಲ್ಲಿ. ಕಾನೂನು ನಮ್ಮ ಕಡೆ, ರೈಲು ಟಿಕೆಟ್ಟೂ ನಮ್ಮ ಕಡೆ.

ಕಂಪನಿ ಕೈಕೊಟ್ಟರೆ? 30 ದಿನದ ನೋಟಿಸು ಕೊಟ್ಟು, ಕಾರಣ ಹೇಳದೆ ಯಾವಾಗ ಬೇಕಾದರೂ ಕರಾರು ಮುರಿಯಬಹುದು ಎಂದು ಇಪ್ಪತ್ತೊಂದನೇ ಕಲಮು ಹೇಳುತ್ತಿತ್ತು. 1991ರಲ್ಲಿ ಸುಪ್ರೀಂ ಕೋರ್ಟು ಇಂಡಿಯನ್ ಆಯಿಲ್ ಮತ್ತು ಅಮೃತಸರ್ ಗ್ಯಾಸ್ ಸರ್ವಿಸ್ ನಡುವಿನ ಮೊಕದ್ದಮೆಯಲ್ಲಿ ಇಂಥದೇ ಕಲಮನ್ನು ನೋಡಿತು. ಡಿಸ್ಟ್ರಿಬ್ಯೂಟರ್‌ಷಿಪ್ ತೆಗೆದದ್ದು ತಪ್ಪೆಂದು ಒಪ್ಪಿದರೂ, 30 ದಿನದ ನೋಟಿಸಿನಿಂದ ಮುರಿಯಬಹುದಾದ ಕರಾರಿಗೆ 30 ದಿನದ ಆದಾಯವೇ ಪರಿಹಾರ ಎಂದಿತು. ಮೂರು ವರ್ಷದ ಕನಿಷ್ಠ ಖರೀದಿಗೆ ನಾವು ಕಟ್ಟುಬೀಳಬೇಕು, ಅವರು ಒಂದು ತಿಂಗಳ ಬಾಡಿಗೆದಾರರು.

ಆಗ ಭಾವ ಹೈದರಾಬಾದಿನವರೇ ಆಗಿ ಒಂದು ಮಾತು ಹೇಳಿದರು. "ಸಿನಿಮಾದವ್ರೇ ವಾಸಿ ಅಲ್ಲೇನಪಾ?"

ನಿಜ. ನಿಜಾಮರ ಆಳ್ವಿಕೆ 1948ರಲ್ಲಿ ಮುಗಿದರೂ ತೆಲುಗು ಸಿನಿಮಾದವರ ಬಾಯಲ್ಲಿ ತೆಲಂಗಾಣ ಇಂದಿಗೂ 'ನೈಜಾಂ ಏರಿಯಾ'. ಅಲ್ಲಿ ಹಂಚಿಕೆದಾರನಿಗೆ ಮೂರು ದಾರಿ. ಹಕ್ಕನ್ನೇ ಪೂರ್ತಿ ಕೊಂಡರೆ ಲಾಭ ನಷ್ಟ ಎರಡೂ ಅವನದು. ಕಮಿಷನ್ ಮೇಲೆ ಅಡ್ವಾನ್ಸ್ ಕೊಟ್ಟರೆ ಚಿತ್ರ ಬಿದ್ದಾಗ ಹಣ ವಾಪಸು ಕೇಳಬಹುದು. ಮೂರನೆಯದು ಎಂಜಿ, ಅಂದರೆ ಮಿನಿಮಮ್ ಗ್ಯಾರಂಟಿ. ಚಿತ್ರ ಓಡಲಿ ಬಿಡಲಿ, ಇಷ್ಟು ಹಣ ಖಚಿತ. ಆದರೆ ಎಂಜಿ ಕೊಟ್ಟವನಿಗೆ ನೈಜಾಂ ಪೂರ್ತಿ ಬರೆದುಕೊಡುತ್ತಾರೆ. ಅದೇ ಚಿತ್ರವನ್ನು ನಿರ್ಮಾಪಕ ಪಕ್ಕದ ಥಿಯೇಟರಿನಲ್ಲಿ ಅರ್ಧ ಬೆಲೆಗೆ ತೋರಿಸುವುದಿಲ್ಲ. ನಮ್ಮ ಪಂಪ್ ಕಂಪನಿಗೆ ಬೇಕಾಗಿದ್ದದ್ದು ಎಂಜಿ ಹಣ, ಕೊಡಲು ಒಪ್ಪದಿದ್ದದ್ದು ನೈಜಾಂ.

ಇಲ್ಲಿಂದ ಚೌಕಾಸಿ ಸುಲಭವಾಯಿತು. ಕನಿಷ್ಠ ಖರೀದಿ ಎನ್ನುವುದು ಏಕಮೇವ ಹಕ್ಕಿಗೆ ನಾವು ಕೊಡುವ ಬೆಲೆ. ಹಕ್ಕಿಲ್ಲದಿದ್ದರೆ ಬೆಲೆಯೂ ಇಲ್ಲ. ಬೆಲೆ ಕಟ್ಟಲಾಗದಿದ್ದರೆ ಹಕ್ಕು ವಾಪಸು ತಗೊಳ್ಳಿ, ನಮ್ಮ ಡೆಪಾಸಿಟ್ಟನ್ನಲ್ಲ.

ಮ್ಯಾನೇಜರ್ ಎದುರು ಇದನ್ನಿಟ್ಟಾಗ ಅವನು ಎಲ್ಲ ಮ್ಯಾನೇಜರುಗಳೂ ಹೇಳುವ ಮಾತನ್ನೇ ಹೇಳಿದ: "ಸರ್, ಇದು ಸ್ಟ್ಯಾಂಡರ್ಡ್ ಫಾರ್ಮ್ಯಾಟ್. ಒಂದು ಕಾಮಾ ಬದಲಾಗಲ್ಲ." ಅವತ್ತು ಮಾರ್ಚ್ 27. ಅವನ ಟಾರ್ಗೆಟ್ಟಿಗೆ ನಾಲ್ಕು ದಿನ ಉಳಿದಿತ್ತು. ಭಾವನ ಬಳಿ ಇದ್ದ ಆಸ್ತಿಯೆಂದರೆ ಬೋರ್‌ವೆಲ್ ಮಿಸ್ತ್ರಿಗಳ ಹೆಸರಿರುವ ಒಂದು ಎಣ್ಣೆಜಿಡ್ಡಿನ ಉದ್ರಿ ಪುಸ್ತಕ. ಆ ಮಿಸ್ತ್ರಿಗಳು ಹೇಳಿದ ಪಂಪನ್ನೇ ಜನ ಕೊಳ್ಳುತ್ತಾರೆ ಎಂಬುದು ಮ್ಯಾನೇಜರನಿಗೂ ಗೊತ್ತು. ಭಾವ ಪುಸ್ತಕವನ್ನು ಮೇಜಿನ ಮೇಲಿಟ್ಟು, ತೆರೆಯದೆ, ಚಹಾ ತರಿಸಿದರು.

"ಫಾರ್ಮ್ಯಾಟ್ ಮುಟ್ಟೋದು ಬೇಡ" ಎಂದೆ ನಾನು. "ಕೊನೆಗೊಂದು ಅನುಬಂಧ ಹಚ್ಚೋಣ. ಮೊದಲ ಸಾಲು ಒಂದೇ: ಕರಾರಿಗೂ ಅನುಬಂಧಕ್ಕೂ ವ್ಯತ್ಯಾಸ ಬಂದರೆ ಅನುಬಂಧವೇ ಮೇಲು."

ಕಾನೂನು ವಿಭಾಗಕ್ಕೆ ಮೂಲ ಪ್ರತಿ ಗರ್ಭಗುಡಿಯ ವಿಗ್ರಹ. ಅದನ್ನು ಮುಟ್ಟಿದರೆ ಮೈಲಿಗೆ. ಹೊರಗಿನ ಪ್ರಾಕಾರದಲ್ಲಿ ಏನು ಬೇಕಾದರೂ ಮಾಡಿಕೊಳ್ಳಬಹುದು. ಎರಡು ದಿನದಲ್ಲಿ ಒಂದೂವರೆ ಪುಟ ಒಪ್ಪಿ ಬಂತು. ಕನಿಷ್ಠ ಖರೀದಿ 60 ಲಕ್ಷ, ತಿಂಗಳ ಲೆಕ್ಕವಲ್ಲ, ಇಡೀ ವರ್ಷದ್ದು. ಭಾವ ಆರ್ಡರ್ ಹಾಕಿ 21 ದಿನದಲ್ಲಿ ಮಾಲು ಬರದಿದ್ದರೆ ಅದು ಖರೀದಿಸಿದಂತೆಯೇ ಲೆಕ್ಕ. ಕಂಪನಿ ಆ ಪಿನ್‌ಕೋಡುಗಳಿಗೆ ನೇರವಾಗಿ ಮಾರಿದ್ದೂ ಕನಿಷ್ಠದೊಳಗೆ ಲೆಕ್ಕ, ಅದರ ಪಟ್ಟಿ ಮೂರು ತಿಂಗಳಿಗೊಮ್ಮೆ. ಕಡಿಮೆ ಬಿದ್ದರೆ ಕಂಪನಿ ಇನ್ನೊಬ್ಬನನ್ನು ನೇಮಿಸಬಹುದು, ದಂಡ ಇಲ್ಲ. ಮೊದಲ 18 ತಿಂಗಳು ಕಾರಣವಿಲ್ಲದೆ ತೆಗೆಯುವಂತಿಲ್ಲ. ಆಮೇಲೆ ತೆಗೆದರೆ 90 ದಿನದ ನೋಟಿಸು, ಉಳಿದ ಮಾಲು ಕೊಂಡ ಬೆಲೆಗೇ ವಾಪಸು.

ಎಲ್ಲ ಗೆದ್ದೆವು ಎಂದಲ್ಲ. ಕೋರ್ಟು ಅವರ ಊರಿನಲ್ಲೇ ಉಳಿಯಿತು. ಆನ್‌ಲೈನ್ ನಿಲ್ಲಲಿಲ್ಲ. ಬೇರೆ ಬ್ರ್ಯಾಂಡಿನ ನಿಷೇಧ ಸಬ್‌ಮರ್ಸಿಬಲ್‌ಗೆ ಮಾತ್ರ ಎಂದು ಕುಗ್ಗಿತು, ಹೋಗಲಿಲ್ಲ. ಕರಾರು ನಡೆಯುವಾಗ ಇಂಥ ನಿಷೇಧ ನಿಲ್ಲುತ್ತದೆ ಎಂದು ಸುಪ್ರೀಂ ಕೋರ್ಟು 1995ರಲ್ಲಿ ಗುಜರಾತ್ ಬಾಟ್ಲಿಂಗ್ ಮತ್ತು ಕೋಕಾ ಕೋಲಾ ಮೊಕದ್ದಮೆಯಲ್ಲಿ ಹೇಳಿದೆ. ಕರಾರು ಮುಗಿದ ಮೇಲೂ ಎರಡು ವರ್ಷ ಬೇರೆ ಪಂಪ್ ಮಾರಕೂಡದು ಎಂಬ ಸಾಲಿಗೆ ನಾವು ಜಗಳವಾಡಲೇ ಇಲ್ಲ. ಕರಾರು ಕಾಯ್ದೆಯ 27ನೇ ಕಲಮಿನ ಎದುರು ಅದು ನಿಲ್ಲುವಂಥದ್ದಲ್ಲ. ಮ್ಯಾನೇಜರನಿಗೆ ಒಂದು ಗೆಲುವು ಬೇಕಿತ್ತು, ಇದನ್ನು ಕೊಟ್ಟೆವು.

ಈ ಮಾರ್ಚಿನಲ್ಲಿ ಹೊಸ ಮ್ಯಾನೇಜರ್ ಬಂದ. ಹಳಬನಿಗೆ ವರ್ಗ. ಭಾವನ ಖರೀದಿ 54 ಲಕ್ಷ, 6 ಲಕ್ಷ ಕಡಿಮೆ ಎಂದು ಮುಖ ಬಿಗಿದ. ಭಾವ ಅನುಬಂಧ ತೆಗೆದರು. ಏಪ್ರಿಲ್ ಬಿಸಿಲಿನಲ್ಲಿ ಕೇಳಿದರೂ ಬಾರದ ಮಾಲು 3 ಲಕ್ಷ. ಪಿನ್‌ಕೋಡ್ ಪಟ್ಟಿಯ ಆನ್‌ಲೈನ್ ಮಾರಾಟ 5 ಲಕ್ಷ. ಒಟ್ಟು 62. ಹೊಸಬ ಎರಡು ಸಲ ಕೂಡಿ ನೋಡಿದ. ಎರಡು ಸಲವೂ 62 ಬಂತು.

"ಈ ಅನುಬಂಧ ಫಾರ್ಮ್ಯಾಟಿನಲ್ಲಿ ಇಲ್ಲವಲ್ಲ ಸರ್" ಎಂದ ಅವನು.

"ಹೌದ್ರೀ, ಕುಟುಂಬದಾಗ ಎಲ್ಲಾ ಬರದು ಇಡೋದಿಲ್ಲ ನೋಡ್ರಿ" ಎಂದರು ಭಾವ. ಮೂಲ ಕರಾರು ಗೋಡೌನಿನಲ್ಲಿದೆ, ಅದರ ಮೇಲೆ ಒಂದು ಮೋಟಾರು ಕುಳಿತಿದೆ. ಅನುಬಂಧ ಮಾತ್ರ ಗಲ್ಲಾದ ಮೇಲೆ, ಫ್ರೇಮಿನಲ್ಲಿ, ಲಕ್ಷ್ಮಿಯ ಪಕ್ಕದಲ್ಲಿ.