ಪಾರ್ಟಿಂಗ್ ಲೈನ್ ಅಂಕಲ್

ದೊಡ್ಡನೆಕ್ಕುಂದಿಯ ನಮ್ಮ ಬಡಾವಣೆಯಲ್ಲಿ ಹೆಂಗಸರು ಸರಗಳ್ಳರಿಗಿಂತ ಹೆಚ್ಚಾಗಿ ಪಾರ್ಟಿಂಗ್ ಲೈನ್ ಅಂಕಲ್‌ಗೆ ಹೆದರುತ್ತಾರೆ. ಸರಗಳ್ಳ ಸರ ಕಿತ್ತುಕೊಂಡು ಹೋಗುತ್ತಾನೆ, ಅಷ್ಟೇ. ಅಂಕಲ್ ಸರವನ್ನು ಕತ್ತಿನಲ್ಲೇ ಬಿಟ್ಟು ಅದರ ಮರ್ಯಾದೆಯನ್ನು ಮಾತ್ರ ತೆಗೆದುಕೊಂಡು ಹೋಗುತ್ತಾರೆ.

ಕಾರ್ಖಾನೆಯಿಂದ ನಿವೃತ್ತರಾಗಿ ಇನ್‌ಸ್ಪೆಕ್ಷನ್ನಿಂದ ನಿವೃತ್ತರಾಗದ ಜನ ಈ ಕಡೆ ಬೀದಿಗೊಬ್ಬರಿದ್ದಾರೆ. ಒಬ್ಬರು ಕಾರ್ಪೊರೇಷನ್ನಿನ ಚರಂಡಿ ಚಪ್ಪಡಿಗೆ ಟೇಪು ಹಿಡಿಯುತ್ತಾರೆ, ಇನ್ನೊಬ್ಬರು ಹಾಲಿನ ಪ್ಯಾಕೆಟ್ ತೂಗುತ್ತಾರೆ. ನಮ್ಮ ಅಂಕಲ್ ಇಲ್ಲಿನ ಇಂಡಸ್ಟ್ರಿಯಲ್ ಏರಿಯಾದ ಮೋಲ್ಡಿಂಗ್ ಶಾಪೊಂದರಲ್ಲಿ ಕ್ವಾಲಿಟಿ ನೋಡುತ್ತಿದ್ದವರು. ಸ್ವಿಚ್ಚು, ಬಕೆಟ್ಟಿನ ಹಿಡಿ, ಪೆನ್ನಿನ ಮುಚ್ಚಳ ಎಲ್ಲ ಅವರ ಕಣ್ಣಡಿಯಿಂದಲೇ ದಾಟಿ ಹೋಗಬೇಕಿತ್ತು. ಅಚ್ಚಿನ ಎರಡು ಹೋಳು ಕೂಡುವಲ್ಲಿ ವಸ್ತುವಿನ ಮೇಲೆ ಉಳಿಯುವ ಸಣ್ಣ ಏಣೇ ಪಾರ್ಟಿಂಗ್ ಲೈನ್. ಅದನ್ನು ಅವರು ಕತ್ತಲಲ್ಲಿ ಉಗುರಿನಿಂದಲೇ ಹಿಡಿಯುತ್ತಾರೆ. "ಕಲ್ಲು ಯಾವುದು ಅಂತ ನನಗೆ ಗೊತ್ತಿಲ್ಲಮ್ಮಾ, ಪ್ಲಾಸ್ಟಿಕ್ ಯಾವುದು ಅಂತ ಗೊತ್ತು" ಎನ್ನುವುದು ಅವರ ವಿನಯ. ಆ ವಿನಯದಿಂದಲೇ ಎಷ್ಟೋ ಮನೆಗಳಲ್ಲಿ ಗಂಡ ಹೆಂಡಿರ ನಡುವೆ ಮಾತು ನಿಂತಿದೆ.

ಅಂಗಿಯ ಜೇಬಿನಲ್ಲಿ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಮಸೂರ, ಕಿವಿಗೆ ಹಾಕುವ ಹತ್ತಿಕಡ್ಡಿ, ಹೆಂಡತಿಯ ಡ್ರೆಸಿಂಗ್ ಟೇಬಲ್ಲಿನಿಂದ ಎತ್ತಿದ ನೇಲ್ ಪಾಲಿಶ್ ರಿಮೂವರ್. ಇಷ್ಟು ಅವರ ಲ್ಯಾಬು.

ವರಮಹಾಲಕ್ಷ್ಮಿ ಹಬ್ಬದ ಸಂಜೆ ಅರಿಶಿನ ಕುಂಕುಮಕ್ಕೆ ಬಂದ ಎರಡನೇ ಮಹಡಿಯ ಸಾಫ್ಟ್‌ವೇರ್ ಹುಡುಗಿಯ ಕತ್ತಿನಲ್ಲಿ ದಪ್ಪ ಮಣಿಗಳ ಮಾಲೆಯೊಂದಿತ್ತು. ಆಕಾಶನೀಲಿ ಫಿರೋಜಾ, ಕೆಂಪು ಹವಳ, ನೆಲ್ಲಿಕಾಯಿ ಗಾತ್ರದ ಹಳದಿ ಅಂಬರ್. ಕೊಡಗಿನ ಟೂರಿಗೆ ಹೋದಾಗ ದಾರಿಯ ಅಂಗಡಿಯೊಂದರಲ್ಲಿ ಕೊಂಡದ್ದಂತೆ. ಹಳೇ ಟಿಬೆಟನ್ ಮಾಲೆ ಎಂದು ಕೊಟ್ಟರಂತೆ. ಈ ಮೂರನ್ನೂ ಒಟ್ಟಿಗೆ ಪೋಣಿಸುವುದು ಟಿಬೆಟನ್ನರ ಪದ್ಧತಿಯೇ ಸರಿ. 1960ರ ದಶಕದ ಆರಂಭದಲ್ಲಿ ಬೈಲಕುಪ್ಪೆಗೆ ಬಂದು ನೆಲೆಸಿದವರ ಹಳೆಯ ಮನೆತನಗಳಲ್ಲಿ ಇಂಥ ಮಾಲೆಗಳು ಒಡವೆಯೂ ಹೌದು, ಆಪತ್ತಿಗೆ ಆಗುವ ಗಂಟೂ ಹೌದು. ಹಾಗಾಗಿಯೇ ಇವುಗಳ ನಕಲಿಗೂ ಒಳ್ಳೆಯ ಮಾರ್ಕೆಟ್ಟು.

"ಒಂದ್ನಿಮಿಷ ಕೊಡಮ್ಮಾ, ಸುಮ್ನೆ ನೋಡೋಣ."

ಆಂಟಿ ಒಳಗಿನಿಂದ, "ರೀ, ಹಬ್ಬದ ದಿನ!" ಎಂದರು. ಅಷ್ಟರಲ್ಲಿ ಮಾಲೆ ಟ್ಯೂಬ್‌ಲೈಟಿನ ಕೆಳಗಿತ್ತು.

ಅಂಕಲ್ ಮಣಿಯ ಮೈ ನೋಡುವುದು ಆಮೇಲೆ. ಮೊದಲು ತೂತು. ಪಾಲಿಶ್ ಮಾಡುವವನು ಹೊರಗಡೆಯೆಲ್ಲ ಹೊಳಪು ತರುತ್ತಾನೆ, ದಾರ ಹೋಗುವ ತೂತಿನ ಅಂಚನ್ನು ಯಾರೂ ನೋಡುವುದಿಲ್ಲ ಎಂದುಕೊಳ್ಳುತ್ತಾನೆ. ನೀಲಿ ಮಣಿಯ ತೂತಿನ ಬಾಯಲ್ಲಿ ಸಣ್ಣ ಚಕ್ಕೆ ಎದ್ದಿತ್ತು, ಅದರೊಳಗೆ ಬಿಳಿ. ಮೈಮೇಲಿನ ಬಿರುಕುಗಳಲ್ಲಿ ಮಾತ್ರ ನೀಲಿ ಗಾಢವಾಗಿ ನಿಂತಿತ್ತು. ಹತ್ತಿಕಡ್ಡಿಯನ್ನು ರಿಮೂವರಿಗೆ ಅದ್ದಿ ತೂತಿನ ಅಂಚಿಗೆ ಒತ್ತಿದರೆ ಕಡ್ಡಿಯ ತುದಿ ನೀಲಿಯಾಯಿತು. ಹೌಲೈಟ್ ಎಂಬ ಬಿಳಿ ಕಲ್ಲಿಗೆ ಹುಟ್ಟಿನಿಂದಲೇ ಬೂದು ನರಗಳಿರುತ್ತವೆ, ನೀಲಿ ಬಣ್ಣದಲ್ಲಿ ನೆನೆಸಿದರೆ ಸಾಕು, ಫಿರೋಜಾ ಎಂದು ನಡೆದುಹೋಗುತ್ತದೆ. ನಿಜವಾದ ಫಿರೋಜಾದ ಕಪ್ಪು ನರ ಒಂದು ಕಡೆ ದಪ್ಪ, ಒಂದು ಕಡೆ ಎಳೆ. ಎಷ್ಟೋ ಸಲ ಸ್ವಲ್ಪ ತಗ್ಗಿನಲ್ಲಿದ್ದು ಉಗುರಿಗೆ ಸಿಗುತ್ತದೆ.

"ಇದು ಕಲ್ಲೇ ಕಣಮ್ಮಾ, ಪ್ಲಾಸ್ಟಿಕ್ ಅಲ್ಲ" ಎಂದು ಅಂಕಲ್ ಸಮಾಧಾನ ಹೇಳಿದರು. ಹುಡುಗಿಯ ಮುಖ ಅರಳಿತು. "ಆದ್ರೆ ಬೇರೆ ಕಲ್ಲು."

ಹತ್ತಿಗೆ ಬಣ್ಣ ಹತ್ತದಿದ್ದರೂ ಅಂಕಲ್ ಬಿಡುವವರಲ್ಲ. ಮೇಲೆ ಮೇಣ ಅಥವಾ ಅಂಟು ಬಳಿದಿದ್ದರೆ ಬಣ್ಣ ಅಡಗಿ ಕೂತಿರಬಹುದು ಎನ್ನುತ್ತಾರೆ. ಬಿಸಿ ಸೂಜಿ ಚುಚ್ಚಿ ಪ್ಲಾಸ್ಟಿಕ್ ವಾಸನೆ ಬಂದರೆ? ಅದೂ ಕೊನೆಯ ಮಾತಲ್ಲ. ಪುಡಿ ಫಿರೋಜಾವನ್ನು ಅಂಟಿನಲ್ಲಿ ಕಲಸಿ ಇಟ್ಟಿಗೆಯಂತೆ ಒತ್ತಿದ್ದರೂ ಆ ವಾಸನೆ ಬರುತ್ತದೆ, ಮೆದುವಾದ ಅಸಲಿ ಕಲ್ಲಿಗೆ ಗಟ್ಟಿಯಾಗಲೆಂದು ಅಂಟು ಕುಡಿಸಿದ್ದರೂ ಬರುತ್ತದೆ. ಇವೆರಡನ್ನು ಖಚಿತವಾಗಿ ಬೇರೆ ಮಾಡಲು ನಿಜವಾದ ಲ್ಯಾಬೇ ಬೇಕು. ಅದು ಜೇಬಿನಲ್ಲಿ ಹಿಡಿಸುವುದಿಲ್ಲ ಎಂಬುದೊಂದೇ ಅಂಕಲ್‌ಗಿರುವ ಕೊರಗು.

ಹವಳದ ಸರದಿ. ಆಭರಣದ ಹವಳದ ಮೈಮೇಲೆ ಬೆರಳ ತುದಿಯ ಗೆರೆಗಳ ಹಾಗೆ ತೆಳ್ಳನೆಯ ಸಮಾನಾಂತರ ಗೆರೆಗಳಿರುತ್ತವೆ. ಒಂದಕ್ಕೂ ಇನ್ನೊಂದಕ್ಕೂ ಅಂತರ ಅರ್ಧ ಮಿಲಿಮೀಟರೂ ಇರುವುದಿಲ್ಲ, ಮಸೂರವಿಲ್ಲದೆ ಕಾಣುವುದು ಕಷ್ಟ. ಈ ಮಾಲೆಯಲ್ಲಿ ಗೆರೆ ಬರಿಗಣ್ಣಿಗೇ ಕಾಣುತ್ತಿದ್ದವು, ಗೆರೆಯ ಸಂದಿಯಲ್ಲಿ ಕೆಂಪು ಕಟ್ಟಿಕೊಂಡಿತ್ತು, ಹತ್ತಿ ಗುಲಾಬಿಯಾಯಿತು. ಬಿದಿರು ಹವಳ ಎಂಬ ಬಿಳಿಯ ಅಗ್ಗದ ಜಾತಿಗೆ ಬಣ್ಣ ಹಾಕಿದ್ದು. ಅಂದರೆ ಹವಳ ಹೌದು, ಆ ಹವಳ ಅಲ್ಲ, ಆ ಕೆಂಪಂತೂ ಅದರದ್ದಲ್ಲ. ಅಂಕಲ್ ನಿಂಬೆಹಣ್ಣಿಗೆ ಕೈಚಾಚಿದರು. ಹುಳಿ ಬಿದ್ದರೆ ಹವಳ ನೊರೆಯುತ್ತದೆ. ಆಂಟಿ ನಿಂಬೆಹಣ್ಣು ಕಿತ್ತುಕೊಂಡರು. ಒಳ್ಳೆಯದೇ ಮಾಡಿದರು. ನೊರೆ ಬಂದರೆ ಪ್ಲಾಸ್ಟಿಕ್ ಅಲ್ಲ, ಗಾಜಲ್ಲ ಎಂದಷ್ಟೇ ಗೊತ್ತಾಗುವುದು. ಬಿದಿರು ಹವಳವೂ ನೊರೆಯುತ್ತದೆ, ಕಪ್ಪೆಚಿಪ್ಪೂ ನೊರೆಯುತ್ತದೆ, ಮಣಿಯ ಹೊಳಪಂತೂ ಹೋಗಿಯೇ ಹೋಗುತ್ತದೆ.

ಕೊನೆಗೆ ಅಂಬರ್. ಮರದ ಅಂಟು ಕೋಟ್ಯಂತರ ವರ್ಷ ಮಣ್ಣಿನಡಿ ಕೂತು ಗಟ್ಟಿಯಾದದ್ದು. ಹುಡುಗಿಗೆ ಅದರ ಮೇಲೇ ಹೆಚ್ಚು ಭರವಸೆ, ಏಕೆಂದರೆ ಒಳಗೊಂದು ನೊಣವಿತ್ತು. ಅಂಕಲ್‌ಗೆ ನೊಣ ಕಂಡೊಡನೆ ಸಂಶಯ ಹೆಚ್ಚಿತು. ಅಂಟಿನಲ್ಲಿ ಸಿಕ್ಕಿಬಿದ್ದ ಹುಳ ಒದ್ದಾಡಿರುತ್ತದೆ, ಕಾಲು ಮುರಿದಿರುತ್ತದೆ, ಪಕ್ಕದಲ್ಲಿ ತೊಗಟೆಯ ಪುಡಿ, ಕಸ ಇರುತ್ತದೆ. ಇದು ಮಣಿಯ ನಟ್ಟನಡುವೆ ರೆಕ್ಕೆ ಹರಡಿಕೊಂಡು ಪಾಸ್‌ಪೋರ್ಟ್ ಫೋಟೋಗೆ ಕೂತಿತ್ತು.

ಮಣಿಯನ್ನು ದಾರದಿಂದ ಬಿಡಿಸಿದರು. ಕಾಲು ಲೀಟರ್ ನೀರಿಗೆ ಮೂರು ದೊಡ್ಡ ಚಮಚ ಉಪ್ಪು ಕದಡಿ ಹಾಕಿದರು. ಅಂಬರ್ ಆಗಿದ್ದರೆ ತೇಲಬೇಕು. ಅದು ಸೀದಾ ತಳಕ್ಕೆ ಹೋಗಿ ಟಣ್ ಎಂದಿತು. ಉಗುರು ಆಡಿಸಿದರೆ ಹೊಟ್ಟೆಯ ಸುತ್ತ ಏಣು.

"ಪಾರ್ಟಿಂಗ್ ಲೈನ್!" ಅಂಕಲ್ ಹಳೆಯ ಸಹೋದ್ಯೋಗಿ ಸಿಕ್ಕಿದಷ್ಟು ಹಿಗ್ಗಿದರು. "ರೆಸಿನ್ನು. ಫಿನಿಶಿಂಗ್ ಪರವಾಗಿಲ್ಲ. ನಮ್ಮ ಶಾಪಲ್ಲಾದ್ರೆ ಪಾಸ್ ಮಾಡ್ತಿದ್ದೆ."

"ತೇಲಿದ್ರೆ ಅಸಲಿನಾ ಅಂಕಲ್?"

"ಎಲ್ಲಿ! ಪಾಲಿಸ್ಟೈರೀನೂ ತೇಲತ್ತೆ. ಇನ್ನೂ ಹಣ್ಣಾಗದ ಮರದಂಟು ಇದೆಯಲ್ಲ, ಕೋಪಲ್ ಅಂತಾರೆ, ಅದೂ ತೇಲತ್ತೆ. ಅದಕ್ಕೆ ಒಂದು ಹನಿ ರಿಮೂವರ್ ಬಿಟ್ರೆ ಜಿಗುಟಾಗತ್ತೆ, ಅಂಬರ್ ಆಗಲ್ಲ. ಅಂಬರ್ ಚೂರುಗಳನ್ನೇ ಬಿಸಿ ಮಾಡಿ ಒತ್ತಿ ಮಣಿ ಮಾಡೋದೂ ಉಂಟು. ಅದರಲ್ಲಿ ಗಾಳಿಗುಳ್ಳೆ ಎಲ್ಲ ಒಂದೇ ದಿಕ್ಕಿಗೆ ಉದ್ದ ಎಳೆದಿರತ್ತೆ, ಚೂರು ಚೂರು ಕೂಡಿದ ಗಡಿ ಕಾಣತ್ತೆ."

ಹುಡುಗಿ ಮಣಿ ಪೋಣಿಸಿಕೊಳ್ಳುತ್ತಾ ಅಂಕಲ್‌ರ ಬೆರಳನ್ನೇ ನೋಡುತ್ತಿದ್ದಳು. ಕುಜದೋಷಕ್ಕೆಂದು ಮಾವನವರು ಮದುವೆಯಲ್ಲಿ ಹಾಕಿದ ಹವಳದ ಉಂಗುರ. ಮೇಜಿನ ಮೇಲಿದ್ದ ಮಸೂರ ಎತ್ತಿ ಅವಳೂ, "ಒಂದ್ನಿಮಿಷ ಅಂಕಲ್, ಸುಮ್ನೆ" ಎಂದು ಬಗ್ಗಿದಳು. ನಾನೂ ಬಗ್ಗಿದೆ. ಗೆರೆ ಒಂದೂ ಇರಲಿಲ್ಲ. ಗುಂಡನೆಯ ಗಾಳಿಗುಳ್ಳೆ ಎರಡಿದ್ದವು. ಅಂಚಿನಲ್ಲಿ ಒಡೆದ ಜಾಗ ಗಾಜಿನಂತೆ ನುಣ್ಣಗೆ ಹೊಳೆಯುತ್ತಿತ್ತು.

ಆಂಟಿ ಕೋಸಂಬರಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅಂಕಲ್ ಕೈ ಎಳೆದುಕೊಂಡು ಮಸೂರವನ್ನು ಜೇಬಿಗೆ ಸೇರಿಸಿದರು.

"ಇದು ಪಾರ್ಟಿ ಕೊಟ್ಟ ಮೆಟೀರಿಯಲ್ ಕಣಮ್ಮಾ. ಇದಕ್ಕೆ ಇನ್‌ಸ್ಪೆಕ್ಷನ್ ಬರಲ್ಲ."